‘ಬಾ’ ಎಂದ ಮೇಲೆ ‘ಬನ್ನಿ’ ಎನ್ನಬಹುದೇ?

ಸಂಪಾದಕರಿಗೆ ನಮಸ್ಕಾರ. ಎರಡು ದಿನಗಳ ತರಬೇತಿಯೊಂದರಲ್ಲಿ ನನ್ನ ಪಕ್ಕ ಕುಳಿತವರ ತಲೆ ಅರ್ಧ ನರೆತಿತ್ತು, ಮುಖ ಮಾತ್ರ ಎಳೆಯದು. ನನಗಿಂತ ದೊಡ್ಡವರೋ ಚಿಕ್ಕವರೋ, ಅಧಿಕಾರಿಯೋ ನನ್ನ ಹಾಗೆ ಹೊಸಬರೋ ತಿಳಿಯಲಿಲ್ಲ. ಮೊದಲ ದಿನವಿಡೀ ‘ನೀನು’, ‘ನೀವು’ ಎರಡೂ ಬಾಯಿಗೆ ಬಾರದಂತೆ ಹೇಗೋ ಮಾತಾಡಿದೆ. ಸಂಜೆ ಹೊರಡುವಾಗ ‘ಬಾ, ಹೋಗೋಣ’ ಎಂದುಬಿಟ್ಟೆ. ರಾತ್ರಿಯೆಲ್ಲ ಅದೇ ಯೋಚನೆಯಾಗಿ ಮರುದಿನ ‘ನೀವು’ ಎಂದೆ. ಅವರು ನಕ್ಕರು. ತಪ್ಪಾದದ್ದು ಸಂಜೆಯೋ, ಬೆಳಿಗ್ಗೆಯೋ? ಮುಂದಿನ ತಿಂಗಳು ಮತ್ತೆ ಅವರನ್ನು ಕಾಣಬೇಕು.
– ಓದುಗರೊಬ್ಬರು

ಸಂಪಾದಕರ ಉತ್ತರ:

ಸಂಜೆಯದು ಬಾಯಿತಪ್ಪು, ಬೆಳಿಗ್ಗೆಯದು ಅದಕ್ಕೆ ಹಚ್ಚಿದ ತೇಪೆ. ನನ್ನನ್ನು ಕೇಳಿದರೆ, ತೇಪೆಯೇ ಹೆಚ್ಚು ಕಣ್ಣಿಗೆ ಬಿದ್ದಿದೆ. ಆದರೆ ಇವೆರಡಕ್ಕೂ ಮೂಲ ಇರುವುದು ಮೊದಲ ದಿನವಿಡೀ ನೀವು ನಡೆಸಿದ ಜಾಣತನದ ಮಾತಿನಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಒಂದು ದಿನವಿಡೀ ಎದುರಿನವರಿಗೆ ಏಕವಚನವನ್ನೂ ಬಹುವಚನವನ್ನೂ ಕೊಡದೆ ಮಾತಾಡಲು ನಿಮಗೆ ಸಾಧ್ಯವಾದದ್ದು ಆಕಸ್ಮಿಕವಲ್ಲ. ಕನ್ನಡದ ವ್ಯಾಕರಣದಲ್ಲೇ ಅದಕ್ಕೆ ಹಿಂಬಾಗಿಲುಗಳಿವೆ. ನಮ್ಮ ವಾಕ್ಯದಲ್ಲಿ ‘ನೀನು’, ‘ನೀವು’ ಎಂಬ ಕರ್ತೃಪದವನ್ನು ಬಿಟ್ಟರೂ ಅರ್ಥ ಕೆಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದೊಂದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಏಕೆಂದರೆ ‘ಬರ್ತೀಯಾ’, ‘ಬರ್ತೀರಾ’ ಎಂದು ಕ್ರಿಯಾಪದದ ಬಾಲವೇ ಗುಟ್ಟು ಬಿಟ್ಟುಕೊಡುತ್ತದೆ. ನಿಜವಾದ ಹಿಂಬಾಗಿಲು ಇರುವುದು ನಿಷೇಧದಲ್ಲಿ. ‘ನಾಳೆ ಬರಲ್ವಾ?’, ‘ಇನ್ನೂ ಮುಗಿದಿಲ್ವಾ?’, ‘ಅದನ್ನು ಓದಿಲ್ವಾ?’ ಎಂದು ಕೇಳಿದಾಗ ‘ಇಲ್ಲ’, ‘ಅಲ್ಲ’ಗಳಿಂದಾದ ಈ ರೂಪಗಳು ಪುರುಷಕ್ಕಾಗಲಿ ವಚನಕ್ಕಾಗಲಿ ಬಗ್ಗುವುದಿಲ್ಲ, ಮಗುವಿಗೂ ಮೇಲಧಿಕಾರಿಗೂ ಒಂದೇ ರೂಪ ಸಲ್ಲುತ್ತದೆ. ‘ಬೇಕು’, ‘ಸಾಕು’, ‘ಗೊತ್ತು’, ‘ಆಗುತ್ತದೆ’, ‘ಬಹುದು’ ಇವೂ ಹಾಗೆಯೇ. ‘ಎಲ್ಲಿಗೆ ಹೋಗಬೇಕು?’, ‘ವಿಷಯ ಗೊತ್ತಾ?’, ‘ಇಲ್ಲಿ ಕೂರಬಹುದು’ ಎಂಬ ಮಾತುಗಳಲ್ಲಿ ಕೇಳುವವರ ಸ್ಥಾನ ಎಲ್ಲೂ ನಮೂದಾಗುವುದಿಲ್ಲ. ಇನ್ನು ‘ಹೋಗೋಣ’, ‘ಕೂರೋಣ’ ಎಂಬ ರೂಪಗಳು ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ಪ್ರಶ್ನೆಯನ್ನೇ ಇಲ್ಲವಾಗಿಸುತ್ತವೆ.

ಈ ಹಿಂಬಾಗಿಲುಗಳೆಲ್ಲ ಮುಚ್ಚಿಕೊಳ್ಳುವುದು ಅಪ್ಪಣೆಯ ಮಾತಿನಲ್ಲಿ. ಬಾ–ಬನ್ನಿ, ಕೊಡು–ಕೊಡಿ, ಹೋಗಬೇಡ–ಹೋಗಬೇಡಿ ಇವುಗಳ ನಡುವೆ ಮೂರನೆಯ ರೂಪವಿಲ್ಲ. ಕುಳಿತು ಹರಟುವವರೆಗೆ ಅಪ್ಪಣೆಯ ಅಗತ್ಯ ಬೀಳುವುದಿಲ್ಲ. ಪೆನ್ನು ಬೇಕಾದರೂ ‘ಆ ಪೆನ್ನು ಸಿಕ್ಕಿದ್ದರೆ ಚೆನ್ನಾಗಿತ್ತು’ ಎಂದು ನಿಭಾಯಿಸಬಹುದು. ಎದ್ದು ಹೊರಡುವ ಹೊತ್ತಿಗೆ ಮಾತ್ರ ಅದು ಬಂದೇ ಬರುತ್ತದೆ. ನೀವು ಎಡವಿದ್ದು ಸರಿಯಾಗಿ ಅಲ್ಲೇ. ನಿಮ್ಮ ವಾಕ್ಯವನ್ನೇ ನೋಡಿ: ‘ಬಾ, ಹೋಗೋಣ’. ಅದರಲ್ಲಿ ‘ಹೋಗೋಣ’ ಎಂಬುದು ನಿರಪಾಯವಾದ ಪದ, ಅದೊಂದನ್ನೇ ಹೇಳಿದ್ದರೆ ನಿಮ್ಮ ಪತ್ರ ನನಗೆ ಬರುತ್ತಲೇ ಇರಲಿಲ್ಲ. ದಿನವೆಲ್ಲ ಎಚ್ಚರದಿಂದಿದ್ದ ನಾಲಗೆ, ಕೆಲಸ ಮುಗಿಯಿತೆಂಬ ಸಡಿಲಿಕೆಯಲ್ಲಿ, ಅದರ ಹಿಂದೆ ಒಂದು ‘ಬಾ’ ಸೇರಿಸಿತು.

ಇಂತಹ ನುಣುಚಾಟ ನಮ್ಮೊಬ್ಬರದೇ ಅಲ್ಲ. ಸ್ವೀಡನ್ನಿನವರು ಒಂದು ಕಾಲದಲ್ಲಿ ಇದನ್ನು ಕಲೆಯನ್ನಾಗಿಯೇ ಬೆಳೆಸಿದ್ದರು. ಅವರಿಗೆ ‘ನೀನು’ ಎಂಬರ್ಥದ ‘ದು’ ಎಂದರೆ ಸಲಿಗೆಯಾಯಿತು, ‘ನೀವು’ ಎಂಬರ್ಥದ ‘ನಿ’ ಎಂದರೆ ಕೆಳಗಿನವರನ್ನು ಕರೆದಂತಾಯಿತು. ಹೀಗಾಗಿ ಎದುರಿನವರ ಹುದ್ದೆಯನ್ನು ಪ್ರಥಮ ಪುರುಷದಲ್ಲಿ ಹೇಳುವುದು ರೂಢಿ, ಹುದ್ದೆ ತಿಳಿಯದಿದ್ದರೆ ಕರ್ಮಣಿ ಪ್ರಯೋಗಕ್ಕೆ ಶರಣು. 1967ರಲ್ಲಿ ಅಲ್ಲಿನ ವೈದ್ಯಕೀಯ ಆಡಳಿತ ಮಂಡಳಿಯ ಹೊಸ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್ ಅವರು ತಾವು ಸಿಬ್ಬಂದಿಯೆಲ್ಲರನ್ನೂ ‘ದು’ ಎಂದೇ ಮಾತಾಡಿಸುವುದಾಗಿ ಸಾರಿದರು. ಬದಲಾವಣೆ ಅಷ್ಟರಲ್ಲಾಗಲೇ ಆರಂಭವಾಗಿತ್ತು, ಆದರೂ ಅದರ ಗುರುತಾಗಿ ಜನ ನೆನೆಯುವುದು ಈ ಪ್ರಕಟಣೆಯನ್ನೇ. ಆ ಬಾಗಿಲು ನಮಗಿಲ್ಲ. ನಮ್ಮಲ್ಲಿ ಎಲ್ಲರಿಗೂ ಒಂದೇ ಪದ ಸಲ್ಲುವ ದಿನ ಬಂದರೆ ಅದು ‘ನೀವು’ ಆಗಬಹುದೇ ಹೊರತು ‘ನೀನು’ ಆಗಲಾರದು ಎಂಬುದು ನನ್ನ ಎಣಿಕೆ.

ಇಷ್ಟಕ್ಕೂ, ಗೊತ್ತಿಲ್ಲದಾಗ ‘ನೀವು’ ಎಂದೇ ಏಕೆ ಆರಂಭಿಸಬೇಕು? ಅದು ವಿನಯದ ಮಾತು ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ, ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಎರಡೂ ಕಡೆಯಿಂದ ಒಂದೇ ಸಮನಾಗಿಲ್ಲ ಎಂಬುದು. ‘ನೀವು’ ಇಂದ ‘ನೀನು’ಗೆ ಬರುವುದು ಹತ್ತಿರವಾಗುವ ಕ್ರಿಯೆ, ಬಂದವರಿಗೂ ಬರಮಾಡಿಕೊಂಡವರಿಗೂ ಅದರಲ್ಲಿ ಸಂತೋಷವಿದೆ. ‘ನೀನು’ ಇಂದ ‘ನೀವು’ಗೆ ಹೋದರೆ ಎದುರಿನವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ರಾತ್ರೋರಾತ್ರಿ ಇವನಿಗೆ ನನ್ನ ಬಗ್ಗೆ ಏನು ತಿಳಿಯಿತು?’ ಎಂಬುದೇ. ಹುದ್ದೆ ತಿಳಿದು ಬಹುವಚನ ಕೊಟ್ಟರೆ ಆ ಗೌರವ ಹುದ್ದೆಗೆ ಸಲ್ಲುತ್ತದೆ, ಮನುಷ್ಯನಿಗಲ್ಲ. ಮುನಿಸಿಕೊಂಡ ಗೆಳೆಯರು ಹಠಾತ್ತನೆ ‘ನೀವು’ ಎನ್ನತೊಡಗುವುದೂ ಇದೇ ದಾರಿಯಲ್ಲಿ. ಅಂದರೆ ನೀವು ಬೆಳಿಗ್ಗೆ ಆಡಿದ ಮಾತು ಗೌರವವೋ, ಲೆಕ್ಕಾಚಾರವೋ, ಮುನಿಸೋ ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಅವರು ನಕ್ಕರೆಂದರೆ ಒಳ್ಳೆಯವರೇ ಇರಬೇಕು.

1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು ಯುರೋಪಿನ ಕೆಲವು ಭಾಷೆಗಳ ‘ನೀನು–ನೀವು’ಗಳನ್ನು ಪರಿಶೀಲಿಸಿ, ಇವುಗಳನ್ನು ಎರಡು ಎಳೆಗಳು ಜಗ್ಗುತ್ತವೆ ಎಂದು ತೋರಿಸಿದರು: ಒಂದು ಅಧಿಕಾರದ್ದು, ಇನ್ನೊಂದು ಆಪ್ತತೆಯದು. ಸಲಿಗೆಗೆ ಇಳಿಯುವ ಸಲಹೆ ಮೇಲಿನ ಸ್ಥಾನದಲ್ಲಿರುವವರಿಂದ ಬಂದರೆ ಸಲೀಸು ಎಂಬುದು ಅವರು ಕಂಡ ಸಂಗತಿಗಳಲ್ಲೊಂದು. ನಿಮ್ಮ ಸಂದರ್ಭಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಯಾರು ಮೇಲಿನವರು ಎಂಬುದೇ ತಿಳಿಯದಿದ್ದಾಗ ಆ ಸಲಹೆಯನ್ನು ನೀವು ಕೊಡುವಂತಿಲ್ಲ. ಅವರಿಂದ ಬರಲೆಂದು ಕಾಯಬೇಕು, ಕಾಯುವಾಗ ನಿಲ್ಲಬೇಕಾದ ಜಾಗ ‘ನೀವು’.

ಇಲ್ಲೊಂದು ಗೊಂದಲವನ್ನು ಬಿಡಿಸಿಡಬೇಕು. ‘ನೀವು’ ಎಂದು ಯಾರನ್ನಾದರೂ ನೋಯಿಸಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಅದರ ಜೊತೆಗೆ ಸೇರಿಸಿದ ಸಂಬೋಧನೆಯಿಂದ ನೋಯಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ‘ನೀವು’ ಎಂಬ ಪದ ಎದುರಿನವರ ವಯಸ್ಸನ್ನು ಹೇಳುವುದಿಲ್ಲ. ‘ಅಂಕಲ್’, ‘ಆಂಟಿ’, ‘ಅಜ್ಜಾ’, ‘ಏನಮ್ಮಾ’, ‘ಕೇಳಪ್ಪಾ’ ಎಂಬವು ಹೇಳುತ್ತವೆ, ಅದೂ ಎಲ್ಲರ ಮುಂದೆ. ನರೆತ ಕೂದಲನ್ನು ನಂಬಿ ನೀವು ‘ಅಂಕಲ್, ಬನ್ನಿ’ ಎಂದಿದ್ದರೆ ಆ ‘ಬನ್ನಿ’ಯಿಂದ ಏನೂ ಉಪಯೋಗವಾಗುತ್ತಿರಲಿಲ್ಲ. ಆದ್ದರಿಂದ ಕ್ರಿಯಾಪದಕ್ಕೆ ಬಹುವಚನ ಕೊಟ್ಟು, ಸಂಬೋಧನೆಯ ಜಾಗವನ್ನು ಖಾಲಿ ಬಿಡುವುದು ಲೇಸು: ‘ಸ್ವಲ್ಪ ಇಲ್ಲಿ ನೋಡಿ’ ಎಂದರೆ ಸಾಕು. ಹೆಸರು ತಿಳಿದೊಡನೆ ಅದಕ್ಕೆ ‘ಅವರೇ’ ಸೇರಿಸಿ. ‘ಸರ್’, ‘ಮೇಡಂ’ ಎಂಬವು ವಯಸ್ಸನ್ನು ಹೇಳದಿದ್ದರೂ ಸ್ಥಾನವನ್ನು ಊಹಿಸಿಬಿಡುತ್ತವೆ. ಒಮ್ಮೆ ಹಿಡಿದರೆ ಬಿಡುವುದು ಕಷ್ಟ. ‘ತಾವು’ ಎನ್ನುವ ಆಸೆಯಾದರೆ ತಡೆದುಕೊಳ್ಳಿ, ವೇದಿಕೆಯಿಂದ ಇಳಿದ ಮೇಲೆ ಅದು ಕುಚೋದ್ಯದಂತೆ ಕೇಳಿಸುವುದೇ ಹೆಚ್ಚು.

ಹಾಗೆಂದು ‘ನೀವು’ಗೆ ಮಿತಿಯಿಲ್ಲವೆಂದಲ್ಲ. ಎದುರಿನವರೇ ನಿಮ್ಮನ್ನು ‘ನೀನು’ ಎಂದು ಕರೆದು, ನಿಮ್ಮಿಂದಲೂ ಅದನ್ನೇ ಬಯಸುವಾಗ ಪದೇಪದೇ ‘ನೀವು’ ಎನ್ನುವುದು ತೆರೆದ ಬಾಗಿಲನ್ನು ಎಳೆದುಕೊಂಡಂತೆ. ಬಯಸುತ್ತಿದ್ದಾರೆಂದು ತಿಳಿಯುವುದು ಹೇಗೆ? ಅವರು ‘ನೀನು’ ಎಂದದ್ದೊಂದೇ ಸಾಲದು, ಅದು ಮೇಲಿನಿಂದ ಬಂದ ಏಕವಚನವೂ ಆಗಿರಬಹುದು. ‘ಬಹುವಚನ ಎಲ್ಲ ಬೇಡ’ ಎಂದು ಬಾಯಿಬಿಟ್ಟು ಹೇಳಿದರೆ ಸಂದೇಹವೇ ಇಲ್ಲ. ಹೇಳದಿದ್ದರೆ, ತಮ್ಮನ್ನು ‘ನೀನು’ ಎನ್ನುವ ಬೇರೆಯವರ ಜೊತೆಗೆ ಅವರು ಹೇಗಿದ್ದಾರೆ ಎಂಬುದನ್ನು ಗಮನಿಸಿ. ಅಲ್ಲಿ ಆರಾಮವಾಗಿದ್ದರೆ ನಿಮಗೂ ಹಾದಿ ಉಂಟು. ಸಂದೇಹ ಉಳಿದರೆ ಕಾಯುವುದರಿಂದ ನಷ್ಟವೇನಿಲ್ಲ.

ಏಕವಚನ ಬಾಯಿಂದ ಜಾರಿಯೇ ಹೋಗಿದ್ದರೆ ಏನು ಮಾಡಬೇಕೆಂಬುದನ್ನು ನಾನು ಕಲಿತದ್ದು ನನ್ನದೇ ಪೆದ್ದುತನದಿಂದ. ವರ್ಷಗಳ ಹಿಂದೆ ನಮಗೆ ಬಂದ ಬರಹವೊಂದರಲ್ಲಿ ಹುಡುಗಾಟದ ದನಿ ಎಷ್ಟು ಸಹಜವಾಗಿತ್ತೆಂದರೆ, ಬರೆದವಳು ವಿದ್ಯಾರ್ಥಿನಿ ಎಂದೇ ತೀರ್ಮಾನಿಸಿ ‘ಚೆನ್ನಾಗಿ ಬರೆದಿದ್ದೀಯ, ಬರೆಯುತ್ತಿರು’ ಎಂದು ಉತ್ತರ ಹಾಕಿದೆ. ಮರುಪತ್ರ ಪೂರಾ ಬಹುವಚನದಲ್ಲಿತ್ತು. ನಡುವೆ ಒಂದೆಡೆ ತಮ್ಮ ಮೊಮ್ಮಗಳ ಪ್ರಸ್ತಾಪವಿತ್ತು. ನಾನು ಏನೂ ಆಗದವನಂತೆ ಮುಂದಿನ ಪತ್ರದಲ್ಲಿ ‘ತಮ್ಮ ಬರಹ ತಲುಪಿದೆ’ ಎಂದೆ. ಅದಕ್ಕೆ ಅವರು ಬರೆದದ್ದು ಒಂದೇ ಸಾಲು: ನನಗೆ ವಯಸ್ಸಾದದ್ದು ಈ ಎರಡು ಪತ್ರಗಳ ನಡುವೆಯೇ? ಆ ಮೇಲೆ ಕ್ಷಮೆ ಕೇಳಿದೆ. ಅದನ್ನು ಮೊದಲೇ ಕೇಳಿದ್ದರೆ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು.

ನೀವು ಮಾಡಬೇಕಾದದ್ದೂ ಆ ಒಂದು ವಾಕ್ಯವೇ. ಮುಂದಿನ ತಿಂಗಳು ಸಿಕ್ಕಾಗ, ಬೇರೆ ಮಾತಿಗೆ ಹೊರಳುವ ಮೊದಲು, ‘ಅವತ್ತು ಸಂಜೆ ಏಕವಚನದಲ್ಲಿ ಕರೆದುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ’ ಎನ್ನಿ. ವಯಸ್ಸು ತಿಳಿಯಲಿಲ್ಲ, ನರೆಗೂದಲು ನೋಡಿ ಗಲಿಬಿಲಿಯಾಯಿತು ಎಂದು ಕಾರಣ ಕೊಡಲು ಹೋಗಬೇಡಿ. ಕಾರಣ ಎಂದರೆ ಅಲ್ಲಿ ಅವರ ತಲೆಯ ವಿಚಾರವೇ ಆಗುತ್ತದೆ. ಈ ವಾಕ್ಯ ‘ಬೇಡಿ’ಯಲ್ಲಿ ಕೊನೆಗೊಳ್ಳುವುದರಿಂದ ನೀವು ನಿಂತಿರುವ ಜಾಗವೂ ಅದರಲ್ಲೇ ಸ್ಪಷ್ಟವಾಗುತ್ತದೆ. ಅವರು ‘ಪರವಾಗಿಲ್ಲ’ ಎಂದು ಸುಮ್ಮನಾದರೆ ‘ನೀವು’ ಎಂದೇ ಮುಂದುವರಿಯಿರಿ. ‘ಬಾ ಅಂದಿದ್ದೇ ಚೆನ್ನಾಗಿತ್ತು ಮಾರಾಯ’ ಎಂದರೆ, ಹಿಂದೆಮುಂದೆ ನೋಡದೆ ಮುಂದಿನ ವಾಕ್ಯದಲ್ಲೇ ‘ನೀನು’ ಎಂದುಬಿಡಿ.