ಮಗುವಿನ ಅನಾರೋಗ್ಯದ ರಜಾ ಪತ್ರ: ಶಿಕ್ಷಕರಿಗೆ ಬೇಕಾದ ವಿವರಗಳು

ಪ್ರಶ್ನೆ: ಐದನೇ ತರಗತಿಯ ನನ್ನ ಮಗಳಿಗೆ ಚಿಕನ್‌ಪಾಕ್ಸ್ ಆಗಿದೆ. ‘ಅನಾರೋಗ್ಯದ ಕಾರಣ ರಜೆ ನೀಡಿ’ ಎಂದು ಬರೆದು ಕಳಿಸಿದ್ದಕ್ಕೆ ತರಗತಿ ಶಿಕ್ಷಕಿ ಇನ್ನಷ್ಟು ವಿವರ ಕೇಳಿದ್ದಾರೆ. ಏನೇನು ಬರೆಯಬೇಕು?

ಉತ್ತರ: ಸಾಮಾನ್ಯ ನೆಗಡಿ, ಜ್ವರಕ್ಕಾದರೆ ನೀವು ಬರೆದ ಸಾಲಿಗೆ ದಿನಾಂಕ ಸೇರಿಸಿದರೆ ಸಾಕಿತ್ತು. ಚಿಕನ್‌ಪಾಕ್ಸ್ ಹರಡುವ ಕಾಯಿಲೆಯಾದ್ದರಿಂದ ಅದರ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಶಿಕ್ಷಕರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಎರಡು ದಿನಾಂಕಗಳು: ಮೈಮೇಲೆ ಮೊದಲ ಗುಳ್ಳೆ ಕಾಣಿಸಿದ ದಿನ ಮತ್ತು ಮಗು ಕೊನೆಯದಾಗಿ ತರಗತಿಯಲ್ಲಿ ಕುಳಿತಿದ್ದ ದಿನ. ಗುಳ್ಳೆಗಳು ಏಳುವುದಕ್ಕೆ ಒಂದೆರಡು ದಿನ ಮೊದಲಿನಿಂದಲೇ ಈ ಸೋಂಕು ಹರಡಬಲ್ಲದು, ಮತ್ತು ಅದು ತಗುಲಿದವರಲ್ಲಿ ಲಕ್ಷಣ ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ನಿಮ್ಮ ಮಗಳು ಜೂನ್ 9ರಂದು ಶಾಲೆಗೆ ಹೋಗಿದ್ದು, 10ರ ಬೆಳಿಗ್ಗೆ ಗುಳ್ಳೆ ಕಂಡಿದೆ ಎಂದುಕೊಳ್ಳೋಣ. ಆಗ ಅವಳ ಪಕ್ಕದಲ್ಲಿ ಕುಳಿತಿದ್ದ ಮಕ್ಕಳ ಮೇಲೆ ಜೂನ್ 19ರಿಂದ 30ರವರೆಗೆ ಗಮನವಿಡಬೇಕೆಂದು ಶಿಕ್ಷಕಿ ಲೆಕ್ಕ ಹಾಕಬಲ್ಲರು. ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳಿಗೂ ಈ ಕಾಯಿಲೆ ತೀವ್ರವಾಗಬಹುದಾದ್ದರಿಂದ, ಶಾಲೆಯಲ್ಲಿ ಅಂಥವರಿದ್ದರೆ ಅವರು ಬೇಗನೆ ವೈದ್ಯರನ್ನು ಕಾಣಲು ನಿಮ್ಮ ಪತ್ರವೇ ದಾರಿಯಾಗುತ್ತದೆ. ಹಾಗಾಗಿ ಮಗಳು ಗುಣವಾಗುವವರೆಗೆ ಕಾಯದೆ ಇಂದೇ ಪತ್ರ ಕಳಿಸಿ.

ಮರಳುವ ದಿನವನ್ನು ಖಚಿತವಾಗಿ ಬರೆದುಬಿಡುವುದು ಅನೇಕ ಪೋಷಕರು ಮಾಡುವ ತಪ್ಪು. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಶಾಲೆಗೆ ಕಳಿಸಬಾರದು. ಇದಕ್ಕೆ ಸಾಮಾನ್ಯವಾಗಿ ಐದರಿಂದ ಏಳು ದಿನ ಬೇಕಾಗುತ್ತದೆ, ಕೆಲವೊಮ್ಮೆ ಹೆಚ್ಚೂ ಆಗಬಹುದು. ಆದ್ದರಿಂದ ದಿನಾಂಕವನ್ನು ಅಂದಾಜೆಂದೇ ತಿಳಿಸಿ. ಪತ್ರ ಹೀಗಿರಬಹುದು:

‘ಮಾನ್ಯ ತರಗತಿ ಶಿಕ್ಷಕಿಯವರಿಗೆ, ಐದನೇ ತರಗತಿ ‘ಬಿ’ ವಿಭಾಗದಲ್ಲಿ ಓದುತ್ತಿರುವ ನನ್ನ ಮಗಳಿಗೆ (ಹೆಸರು, ಹಾಜರಿ ಸಂಖ್ಯೆ) ಚಿಕನ್‌ಪಾಕ್ಸ್ ಆಗಿದೆಯೆಂದು ವೈದ್ಯರು ತಿಳಿಸಿದ್ದಾರೆ. ಜೂನ್ 10ರಂದು ಮೊದಲ ಗುಳ್ಳೆ ಕಾಣಿಸಿತು. ಅವಳು ಕೊನೆಯದಾಗಿ ತರಗತಿಗೆ ಬಂದದ್ದು ಜೂನ್ 9ರಂದು. ಜೂನ್ 10ರಿಂದ 17ರವರೆಗೆ, ಎರಡೂ ದಿನ ಸೇರಿ, ರಜೆ ನೀಡಬೇಕೆಂದು ಕೋರುತ್ತೇನೆ. ಗುಳ್ಳೆಗಳೆಲ್ಲ ಒಣಗಿದ್ದರೆ 18ರಂದು ಕಳಿಸುತ್ತೇನೆ, ಇಲ್ಲವಾದರೆ ಹಿಂದಿನ ದಿನವೇ ತಿಳಿಸುತ್ತೇನೆ. ಬಿಟ್ಟುಹೋಗುವ ಪಾಠಗಳ ವಿವರವನ್ನು ದಯವಿಟ್ಟು ನನ್ನ ದೂರವಾಣಿಗೆ ಕಳಿಸಿಕೊಡಿ.’

ಕೆಳಗೆ ಪೋಷಕರ ಹೆಸರು, ಸಹಿ, ದೂರವಾಣಿ ಸಂಖ್ಯೆ ಮತ್ತು ಪತ್ರ ಬರೆದ ದಿನಾಂಕ ಇರಲಿ. ಔಷಧಗಳ ಪಟ್ಟಿ, ಮೈಮೇಲಿನ ಗುಳ್ಳೆಗಳ ಚಿತ್ರ, ಮನೆಯ ಇತರರ ಆರೋಗ್ಯದ ವಿಚಾರ ಇವು ಯಾವುವೂ ಬೇಡ. ವೈದ್ಯರ ಪ್ರಮಾಣಪತ್ರವನ್ನು ಶಾಲೆ ಕೇಳುವುದಾದರೆ ಮರಳುವ ದಿನ ಕೊಡುವುದಾಗಿ ಒಂದು ಸಾಲು ಸೇರಿಸಿ. ರಜೆಯ ದಿನಗಳಲ್ಲಿ ಪರೀಕ್ಷೆಯಿದ್ದರೆ ಅದರ ವಿಷಯ ಮತ್ತು ದಿನಾಂಕವನ್ನು ಬರೆದು, ಮುಂದೆ ಬರೆಯಲು ಅವಕಾಶ ಉಂಟೇ ಎಂದು ಅದೇ ಪತ್ರದಲ್ಲಿ ವಿಚಾರಿಸಿ.