ಕಾಗಕ್ಕನ ಕಂಠ ಮತ್ತು ನರಿಯ ಎರಡು ಮಾತು

*ಸಂಪಾದಕರೇ, ನನ್ನ ಮಗಳು ಏಳನೇ ತರಗತಿ. ‘ಐರನಿ’ಗೆ ಮೂರು ವಿಧ ಅಂತ ಬಾಯಿಪಾಠ ಮಾಡಿದ್ದಾಳೆ. ಕತೆಯಲ್ಲಿ ಹುಡುಕಿ ತೋರಿಸು ಅಂದರೆ ಮಾತ್ರ ಸಿಕ್ಕಿದ್ದಕ್ಕೆಲ್ಲ ಐರನಿ ಅನ್ನುತ್ತಾಳೆ. ಪ್ರವಾಸದ ದಿನ ಮಳೆ ಬಂದರೂ ಐರನಿ, ಯಾರಾದರೂ ಸುಳ್ಳು ಹೇಳಿದರೂ ಐರನಿ. ಅದು ತಪ್ಪು ಅನಿಸುತ್ತದೆ, ಆದರೆ ಯಾಕೆ ತಪ್ಪು ಅಂತ ಹೇಳಲು ನನಗೂ ಬರುತ್ತಿಲ್ಲ. ಹೇಗೆ ಹೇಳಿಕೊಡಲಿ? — ಒಬ್ಬ ಓದುಗರು*

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮಗಳ ತಪ್ಪೂ ದೊಡ್ಡದಲ್ಲ. ಗೊಂದಲ ಇರುವುದು ಆ ಪದದಲ್ಲೇ. ಐರನಿ ಅನ್ನುವ ಒಂದೇ ಚೀಲದಲ್ಲಿ ಮೂರು ಬೇರೆ ಬೇರೆ ಸಾಮಾನು ತುಂಬಿದ್ದಾರೆ. ಕನ್ನಡದಲ್ಲಿ ನಮಗೆ ಸ್ವಲ್ಪ ಅನುಕೂಲ ಇದೆ. ಬಾಯಿಂದ ಬರುವ ಮಾತಾದರೆ ‘ವ್ಯಂಗ್ಯ’ ಅನ್ನುತ್ತೇವೆ, ನಡೆದುಹೋದ ಘಟನೆಯಾದರೆ ‘ವಿಪರ್ಯಾಸ’ ಅನ್ನುತ್ತೇವೆ. ಮೂರನೆಯದಕ್ಕೆ ಮಾತ್ರ ದಿನಬಳಕೆಯ ಪದ ಇಲ್ಲ, ‘ನಾಟಕೀಯ ವ್ಯಂಗ್ಯ’ ಅಂತ ಪುಸ್ತಕದ ಹೆಸರಿನಲ್ಲೇ ಕರೆಯಬೇಕು.

ಐರನಿ ಅನ್ನುವ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ಅವರ ಹಳೆಯ ಹಾಸ್ಯ ನಾಟಕಗಳಲ್ಲಿ ‘ಐರೋನ್’ ಅಂತ ಒಂದು ಬಗೆಯ ಪಾತ್ರ ಇರುತ್ತಿತ್ತು. ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನ ಹಾಗೆ ಇರುವವನು. ಅವನ ಎದುರಿಗೆ ‘ಅಲಜೋನ್’ ಅನ್ನುವ ಬಡಾಯಿಕೋರ. ಕೊನೆಗೆ ಬಡಾಯಿಕೋರನೇ ಪೆಚ್ಚಾಗುತ್ತಿದ್ದ. ಮೂರು ವಿಧಗಳನ್ನೂ ಬಿಡಿಸುವ ಪ್ರಶ್ನೆ ಈ ಜೋಡಿಯಲ್ಲೇ ಇದೆ: ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ?

ಮೂರಕ್ಕೆ ಮೂರು ಕತೆ ಬೇಡ. ಮಗಳಿಗೆ ಚಿಕ್ಕಂದಿನಿಂದ ಗೊತ್ತಿರುವ ನರಿ–ಕಾಗೆ ಕತೆ ಒಂದೇ ಸಾಕು. ಕಾಗೆಯ ಕೊಕ್ಕಿನಲ್ಲಿ ರೊಟ್ಟಿ ಚೂರು. ಮರದ ಕೆಳಗೆ ಹಸಿದ ನರಿ. “ಕಾಗಕ್ಕ, ನಿನ್ನ ಕಂಠ ಎಷ್ಟು ಇಂಪು! ಒಂದು ಹಾಡು ಹೇಳಬಾರದೇ?” ಅನ್ನುತ್ತದೆ. ಕಾಗೆ ಉಬ್ಬಿಹೋಗಿ “ಕಾ” ಅನ್ನುತ್ತದೆ. ರೊಟ್ಟಿ ಕೆಳಗೆ ಬೀಳುತ್ತದೆ. ನಾನು ಕೊನೆಗೆ ಒಂದು ಸಾಲು ಸೇರಿಸಿಕೊಳ್ಳುತ್ತೇನೆ. ನರಿ ರೊಟ್ಟಿ ನುಂಗಿ, ಬಾಯಿ ಒರೆಸಿಕೊಂಡು, ಮೇಲೆ ನೋಡಿ ಮತ್ತೆ ಅದೇ ಮಾತು ಹೇಳುತ್ತದೆ: “ಕಾಗಕ್ಕ, ನಿನ್ನ ಕಂಠ ಎಷ್ಟು ಇಂಪು!”

ಈಗ ಮಗಳನ್ನು ಕೇಳಿ. ಎರಡೂ ಸಲ ಒಂದೇ ಮಾತು, ಒಂದಕ್ಷರವೂ ಬದಲಾಗಿಲ್ಲ. ಎರಡೂ ಸಲ ನರಿಗೆ ಆ ಕಂಠ ಇಂಪು ಅನಿಸಿಲ್ಲ. ಹಾಗಾದರೆ ಎರಡೂ ವ್ಯಂಗ್ಯವೇ?

ಅಲ್ಲ. ಮೊದಲ ಸಲ ಹೇಳಿದ್ದು ಸುಳ್ಳು ಹೊಗಳಿಕೆ. ಕಾಗೆ ಅದನ್ನು ನಂಬಬೇಕು ಅಂತಲೇ ನರಿ ಹೇಳಿದ್ದು. ನಿಜ ಬಯಲಾದರೆ ರೊಟ್ಟಿ ಹೋಯಿತು. ಎರಡನೇ ಸಲ ನರಿಗೆ ಮುಚ್ಚಿಡುವುದು ಏನೂ ಇಲ್ಲ. ಕಾಗೆಗೆ ನಿಜವಾದ ಅರ್ಥ ಗೊತ್ತಾಗಲಿ, ಗೊತ್ತಾಗಿ ಉರಿಯಲಿ ಅಂತಲೇ ಅದು ಹೇಳುತ್ತಿದೆ. ಇದು ವ್ಯಂಗ್ಯ. ಸುಳ್ಳು ಹೇಳುವವನು ಸಿಕ್ಕಿಬೀಳದಿದ್ದರೆ ಗೆದ್ದ. ವ್ಯಂಗ್ಯ ಆಡುವವನು ಎದುರಿನವನಿಗೆ ಅರ್ಥವಾಗದಿದ್ದರೆ ಸೋತ. (ಅದಕ್ಕೇ ವ್ಯಂಗ್ಯ ಮಾಡಿ, ಆಮೇಲೆ “ನಾನು ಹೇಳಿದ್ದು ವ್ಯಂಗ್ಯ” ಅಂತ ವಿವರಿಸಬೇಕಾಗಿ ಬಂದವರ ಮುಖ ಅಷ್ಟು ಸಪ್ಪಗಿರುತ್ತದೆ.) ಯಾರಾದರೂ ಸುಳ್ಳು ಹೇಳಿದರೂ ಐರನಿ ಅನ್ನುವ ಮಗಳಿಗೆ ಈ ಎರಡು ಸಾಲು ಅಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

ಪಠ್ಯಗಳಲ್ಲಿ “ಮನಸ್ಸಿನಲ್ಲಿ ಇರುವುದಕ್ಕೆ ವಿರುದ್ಧವಾಗಿ ಹೇಳುವುದು” ಅಂತ ವ್ಯಾಖ್ಯೆ ಇರುತ್ತದೆ. ನನಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತದೆ. ಮನೆಯೊಳಗೆ ಮಂಡಿಯುದ್ದ ನೀರು ನುಗ್ಗಿದೆ, ಕತೆಯ ಅಜ್ಜ ಪಂಚೆ ಎತ್ತಿ ಕಟ್ಟಿಕೊಂಡು “ಸ್ವಲ್ಪ ತೇವ ಆದಹಾಗಿದೆ ಅಲ್ವಾ?” ಅನ್ನುತ್ತಾನೆ ಅಂದುಕೊಳ್ಳಿ. ಇದು ವಿರುದ್ಧ ಅಲ್ಲ. ತೇವ ಆಗಿರುವುದು ನಿಜವೇ. ಬೇಕೆಂದೇ ತೀರಾ ಕಡಿಮೆ ಮಾಡಿ ಹೇಳಿದ್ದಾನೆ, ಅಷ್ಟೇ. ಇದೂ ವ್ಯಂಗ್ಯವೇ. ಇಲ್ಲಿ ಯಾರನ್ನೂ ಚುಚ್ಚಿಲ್ಲ ಅನ್ನುವುದನ್ನೂ ಗಮನಿಸಿ. ಎದುರಿನವರಿಗೆ ನೋವಾಗಲಿ ಅಂತ ಆಡುವುದು ಕೊಂಕು. ನರಿ ಎರಡನೇ ಸಲ ಆಡಿದ್ದು ಅದು. ಅಜ್ಜನದು ಕೊಂಕಲ್ಲದ ವ್ಯಂಗ್ಯ. ಬೈದ ಹಾಗೆ ಕೇಳಿಸಿ ಒಳಗೆ ಹೊಗಳುವ ನಿಂದಾಸ್ತುತಿಯೂ ಇದೇ ಜಾತಿಯದು.

ಮಾತನಾಡುವಾಗ ದನಿಯಿಂದ ವ್ಯಂಗ್ಯ ಗೊತ್ತಾಗುತ್ತದೆ. ಅಚ್ಚಿನಲ್ಲಿ ದನಿ ಇಲ್ಲ. ಹಾಗಾಗಿ ಮಕ್ಕಳು ಕತೆಯಲ್ಲಿ ಅದನ್ನು ದಾಟಿ ಹೋಗಿಬಿಡುತ್ತಾರೆ. ಆ ಮಾತಿಗೂ ಅದರ ಹಿಂದಿನ ಸಾಲಿನ ಸಂಗತಿಗೂ ತಾಳೆ ಆಗುತ್ತದೆಯೇ ಅಂತ ನೋಡಲು ಹೇಳಿ. ಹಿಂದಿನ ಸಾಲು ಮಂಡಿಯುದ್ದ ನೀರು ಅನ್ನುತ್ತದೆ, ಮಾತು ತೇವ ಅನ್ನುತ್ತದೆ. ಆಡಿದವನಿಗೂ ಅದು ಕಾಣುತ್ತಿದೆ ಅಂದಮೇಲೆ ಬೇಕೆಂದೇ ಹಾಗೆ ಹೇಳಿದ್ದಾನೆ.

ಇನ್ನು ವಿಪರ್ಯಾಸ. ಜಾಸ್ತಿ ತಪ್ಪಾಗುವುದು ಇಲ್ಲೇ. ಮಕ್ಕಳಷ್ಟೇ ಅಲ್ಲ, ನಮ್ಮ ಮೇಜಿಗೆ ಬರುವ ಬರಹಗಳಲ್ಲೂ ಬೇಸರದ ಸಂಗತಿ ಬಂದಕಡೆಯೆಲ್ಲ “ವಿಪರ್ಯಾಸವೆಂದರೆ” ಅಂತ ಇರುತ್ತದೆ. ನಾನೂ ಎಷ್ಟೋ ಸಲ ತಿದ್ದದೆ ಬಿಟ್ಟಿದ್ದೇನೆ.

ನಿಮ್ಮ ಮಳೆಯನ್ನೇ ತೆಗೆದುಕೊಳ್ಳೋಣ. ಪ್ರವಾಸದ ದಿನ ಮಳೆ ಬಂತು. ಇದು ಸುಮ್ನೆ ದುರದೃಷ್ಟ. ಮಳೆಗೂ ಪ್ರವಾಸಕ್ಕೂ ಸಂಬಂಧವಿಲ್ಲ. ಈಗ ಒಂದೇ ಒಂದು ಸಂಗತಿ ಬದಲಾಯಿಸೋಣ. ಶನಿವಾರ ಹೊರಡಬೇಕಿತ್ತು. ಮಳೆ ಬರಬಹುದು ಅಂತ ಹೆದರಿ ಭಾನುವಾರಕ್ಕೆ ಮುಂದೂಡಿದರು. ಶನಿವಾರ ಚೆನ್ನಾಗಿ ಬಿಸಿಲು ಕಾಯಿತು, ಭಾನುವಾರ ಧೋ ಅಂತ ಸುರಿಯಿತು. ಈಗ ಇದು ವಿಪರ್ಯಾಸ. ಮಳೆ ಅದೇ, ಬೇಸರವೂ ಅದೇ. ಬೇರೆಯಾದದ್ದು ಏನು? ಮಳೆ ತಪ್ಪಿಸಿಕೊಳ್ಳಲು ಮಾಡಿದ ಕೆಲಸವೇ ಅವರನ್ನು ಮಳೆಗೆ ತಂದು ನಿಲ್ಲಿಸಿತು. ನಿರೀಕ್ಷೆ ಉಲ್ಟಾ ಆದರೆ ಸಾಲದು, ಉಲ್ಟಾ ಆದದ್ದಕ್ಕೂ ಮೊದಲಿನ ನಿರೀಕ್ಷೆಗೂ ಒಂದು ಗಂಟು ಇರಬೇಕು. ಬೀಗ ರಿಪೇರಿ ಮಾಡುವವನು ತನ್ನ ಮನೆಯ ಕೀಲಿ ಒಳಗೆ ಬಿಟ್ಟು ಹೊರಗೆ ನಿಂತರೆ ವಿಪರ್ಯಾಸ, ಯಾಕೆಂದರೆ ಬೀಗವೇ ಅವನ ಕೆಲಸ. ಅದೇ ಮನುಷ್ಯ ಬಸ್ಸು ತಪ್ಪಿಸಿಕೊಂಡರೆ ಏನೂ ಇಲ್ಲ, ಬರೀ ಬಸ್ಸು ತಪ್ಪಿತು.

ಕಾಗೆಯ ಕತೆಯಲ್ಲಿ ಆ ಗಂಟು ಎಲ್ಲಿದೆ? “ರೊಟ್ಟಿ ಬಿದ್ದುಹೋಯಿತು, ಅದೇ ವಿಪರ್ಯಾಸ” ಅಂತ ಮಗಳು ಹೇಳಬಹುದು. ಗಾಳಿಗೆ ಕೊಂಬೆ ಅಲುಗಾಡಿ ರೊಟ್ಟಿ ಬಿದ್ದಿದ್ದರೂ ರೊಟ್ಟಿ ಹೋಗುತ್ತಿತ್ತು. ಆಗ ವಿಪರ್ಯಾಸ ಇರುತ್ತಿತ್ತೇ? ಇಲ್ಲ. ಕಾಗೆ ತಾನು ದೊಡ್ಡವಳು ಅಂತ ತೋರಿಸಿಕೊಳ್ಳಲು ಬಾಯಿ ತೆರೆಯಿತು, ಬಾಯಿ ತೆರೆದದ್ದರಿಂದಲೇ ದಡ್ಡಿ ಅನಿಸಿಕೊಂಡಿತು. ಉತ್ತರದಲ್ಲಿ ಈ ‘ಅದರಿಂದಲೇ’ ಅಥವಾ ‘ಅವನಿಗೇ’ ಅನ್ನುವ ಒತ್ತು ಬರುತ್ತದೆಯೇ ಅಂತ ನೋಡಿ. “ಮಳೆ ಬಂತು” ಅನ್ನುವಲ್ಲಿ ಆ ಒತ್ತು ಹಾಕಲು ಜಾಗವೇ ಸಿಗುವುದಿಲ್ಲ.

ನಾಟಕೀಯ ವ್ಯಂಗ್ಯ ಹೆಸರಿಗೆ ಹೆದರಿಸಿದರೂ ಮೂರರಲ್ಲಿ ಸುಲಭವಾಗಿ ಸಿಗುವುದು ಅದೇ. ಕತೆಯ ಪಾತ್ರಕ್ಕೆ ಗೊತ್ತಿಲ್ಲದ್ದು ಓದುವ ನಮಗೆ ಗೊತ್ತಿರಬೇಕು. ನರಿ ಹಸಿದಿದೆ, ಅದರ ಕಣ್ಣು ರೊಟ್ಟಿಯ ಮೇಲಿದೆ ಅಂತ ಕತೆ ನಮಗೆ ಮೊದಲೇ ಹೇಳಿಬಿಟ್ಟಿದೆ. ಕಾಗೆಗೆ ಹೇಳಿಲ್ಲ. ಹಾಗಾಗಿ ನರಿಯ ಮೊದಲ ಮಾತು ಕಾಗೆಯ ಕಿವಿಗೆ ಹೊಗಳಿಕೆ, ನಮ್ಮ ಕಿವಿಗೆ ಬಲೆ. ಅಂದರೆ ಆ ಮೊದಲ ಮಾತು ವ್ಯಂಗ್ಯದ ಮಾತಲ್ಲದಿದ್ದರೂ ನಾಟಕೀಯ ವ್ಯಂಗ್ಯ ನಿಂತಿರುವುದು ಅದರ ಮೇಲೇ. ಮಗಳು ಅಲ್ಲಿ “ಐರನಿ” ಅಂದಿದ್ದರೆ ಪೂರ್ತಿ ತಪ್ಪೇನೂ ಹೇಳಿಲ್ಲ, ವಿಧ ಮಾತ್ರ ಬೇರೆ.

ಇದರ ದೊಡ್ಡ ರೂಪ ಬೇಕಾದರೆ ಕರ್ಣನನ್ನು ನೆನಪಿಸಿ. ಅವನು ಕುಂತಿಯ ಮಗ ಅಂತ ನಮಗೆ ಗೊತ್ತು. ಅರ್ಜುನನಿಗೆ ಗೊತ್ತಿಲ್ಲ. ಬಾಣ ಹೂಡುವಾಗ ಅವನು ಎದುರಿಗೆ ಕಾಣುವುದು ಶತ್ರುವನ್ನು, ನಾವು ಕಾಣುವುದು ಅವನ ಅಣ್ಣನನ್ನು. ನಾಟಕೀಯ ವ್ಯಂಗ್ಯ ಅಂದರೆ ನಗುವೇ ಬರಬೇಕು ಅಂತಿಲ್ಲ. “ಅಯ್ಯೋ, ಬೇಡ!” ಅಂತ ಪುಸ್ತಕಕ್ಕೆ ಕೂಗಿ ಹೇಳಬೇಕು ಅನಿಸಿದರೆ ಅಲ್ಲಿ ಅದು ಇದೆ ಅಂತಲೇ ಲೆಕ್ಕ.

ಒಂದು ಕಡೆ ಮಕ್ಕಳು ಎಡವುತ್ತಾರೆ. ಕತೆಯ ಕೊನೆಯಲ್ಲಿ ಗುಟ್ಟು ಬಿಚ್ಚಿಕೊಂಡಾಗ “ಪಾತ್ರಕ್ಕೆ ಗೊತ್ತಿರಲಿಲ್ಲ, ಹಾಗಾಗಿ ನಾಟಕೀಯ ವ್ಯಂಗ್ಯ” ಅಂತ ಬರೆಯುತ್ತಾರೆ. ಓದುವಾಗ ನಮಗೂ ಗೊತ್ತಿರಲಿಲ್ಲವಲ್ಲ! ಆಗ ಅದು ಬರೀ ಅಚ್ಚರಿ. ನಮಗೆ ಮೊದಲು ಗೊತ್ತಾಗಬೇಕು, ಪಾತ್ರಕ್ಕೆ ಆಮೇಲೆ.

ಇದನ್ನು ಪರೀಕ್ಷಿಸಲು ಅದೇ ಕತೆಯ ಎರಡನೇ ಕಂತು ಕಟ್ಟಿಕೊಳ್ಳಿ. ಮರುದಿನ ಮತ್ತೆ ರೊಟ್ಟಿ ಸಿಕ್ಕಿದೆ. ನರಿ ಬಂದು ಹಾಡು ಕೇಳುತ್ತದೆ. ಈ ಸಲ ಕಾಗೆ ರೊಟ್ಟಿಯನ್ನು ಕಾಲಿನ ಕೆಳಗೆ ಇಟ್ಟುಕೊಂಡು ಹೊಟ್ಟೆ ತುಂಬ “ಕಾ ಕಾ” ಅಂತ ಹಾಡುತ್ತದೆ. ನರಿ ಬಾಯಿ ತೆರೆದುಕೊಂಡು ಕಾಯುತ್ತಲೇ ಇದೆ. ಮೋಸ ಮಾಡಲು ಬಂದವನೇ, ತಾನು ಹೂಡಿದ ಆಟದಲ್ಲೇ ಪೆಚ್ಚಾದ. ಇಲ್ಲಿ ವಿಪರ್ಯಾಸ ಇದೆ, ಹೇಗೆ ಬರೆದರೂ ಇರುತ್ತದೆ.

ನಾಟಕೀಯ ವ್ಯಂಗ್ಯ ಮಾತ್ರ ಒಂದು ಸಾಲಿನ ಜಾಗದ ಮೇಲೆ ನಿಂತಿದೆ. “ಕಾಗೆ ರೊಟ್ಟಿಯನ್ನು ಕಾಲಿನ ಕೆಳಗೆ ಇಟ್ಟುಕೊಂಡಿತು” ಅನ್ನುವ ಸಾಲನ್ನು ನರಿ ಬರುವ ಮೊದಲೇ ಬರೆದರೆ ನರಿಯ ಒಂದೊಂದು ಹೊಗಳಿಕೆಗೂ ನಮಗೆ ನಗು. ಹಾಡು ಮುಗಿದ ಮೇಲೆ ಬರೆದರೆ ನರಿಯ ಜೊತೆ ನಾವೂ ಮೋಸಹೋಗುತ್ತೇವೆ. ಮಗಳಿಗೆ ಈ ಕಂತನ್ನು ಹತ್ತು ಸಾಲಿನಲ್ಲಿ ಎರಡು ಥರ ಬರೆಯಲು ಹೇಳಿ, ಆ ಒಂದು ಸಾಲು ಮಾತ್ರ ಜಾಗ ಬದಲಿಸಲಿ. ಕೊನೆಗೆ ಕಾಗೆ ನರಿಗೆ ಏನು ಹೇಳುತ್ತದೆ ಅನ್ನುವುದನ್ನು ಅವಳಿಗೇ ಬಿಡಿ. “ನರಿಯಣ್ಣ, ನಿನ್ನಷ್ಟು ಜಾಣ ಯಾರಿದ್ದಾರೆ!” ಅಂತ ಬರೆದರೆ, ಅದು ಸುಳ್ಳೋ ವ್ಯಂಗ್ಯವೋ ಅಂತ ಕೇಳಿ.