ಮ್ಯಾಕ್ಸ್‌ಟರ್ಮ್‌ನಲ್ಲಿ ಬಾರ್ ಎಲ್ಲಿ ಬರುತ್ತದೆ, ಎಸ್‌ಒಪಿಯನ್ನು ಪಿಒಎಸ್ ಮಾಡುವುದು ಹೇಗೆ

ಪ್ರಶ್ನೆ: ಟ್ರುತ್ ಟೇಬಲ್ ನೋಡಿ ಮಿನ್‌ಟರ್ಮ್ ಬರೆಯೋದು ಬರುತ್ತೆ. ಮ್ಯಾಕ್ಸ್‌ಟರ್ಮ್ ಬಂದಾಗ ಬಾರ್ ಎಲ್ಲಿ ಹಾಕಬೇಕು ಅಂತ ತಲೆ ಕೆಡುತ್ತೆ. F = A'C + AB ಇದನ್ನ ಪಿಒಎಸ್ ಮಾಡೋಕೆ ಪ್ಲಸ್ ಇದ್ದಲ್ಲಿ ಡಾಟ್, ಡಾಟ್ ಇದ್ದಲ್ಲಿ ಪ್ಲಸ್ ಹಾಕಿ (A'+C)(A+B) ಅಂತ ಬರೆದೆ, ತಪ್ಪು ಅಂದ್ರು. AB + BC + CA ಗೆ ಇದೇ ಥರ ಮಾಡಿದಾಗ ಸರಿ ಬಂದಿತ್ತಲ್ಲ?

ಉತ್ತರ:

AB + BC + CA ಸರಿ ಬಂದಿದ್ದು ಆ ಫಂಕ್ಷನ್ನಿನ ಗುಣದಿಂದ, ನೀವು ಬಳಸಿದ ವಿಧಾನದಿಂದಲ್ಲ. ಅದು ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಬಾರ್‌ನ ಗೊಂದಲ ಮೊದಲು ಬಗೆಹರಿಯಲಿ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

"ಮಿನ್‌ಟರ್ಮ್‌ನಲ್ಲಿ 0 ಇದ್ದರೆ ಬಾರ್, ಮ್ಯಾಕ್ಸ್‌ಟರ್ಮ್‌ನಲ್ಲಿ 1 ಇದ್ದರೆ ಬಾರ್" ಎಂದು ಬಾಯಿಪಾಠ ಮಾಡಿದರೆ ಪರೀಕ್ಷೆಯ ಹೊತ್ತಿಗೆ ತಿರುಗುಮುರುಗಾಗುವುದು ಸಹಜ. ಅದರ ಬದಲು ಒಂದೊಂದು ಟರ್ಮ್‌ನ ಕೆಲಸ ಏನು ಎಂದು ನೆನಪಿಡಿ. ಮಿನ್‌ಟರ್ಮ್ ತನ್ನ ಒಂದೇ ಒಂದು ಸಾಲಿನಲ್ಲಿ 1 ಆಗುತ್ತದೆ, ಉಳಿದ ಎಲ್ಲ ಸಾಲುಗಳಲ್ಲಿ 0. ಮ್ಯಾಕ್ಸ್‌ಟರ್ಮ್ ತನ್ನ ಒಂದೇ ಒಂದು ಸಾಲಿನಲ್ಲಿ 0 ಆಗುತ್ತದೆ, ಉಳಿದ ಎಲ್ಲ ಸಾಲುಗಳಲ್ಲಿ 1.

5ನೇ ಸಾಲನ್ನೇ ತೆಗೆದುಕೊಳ್ಳಿ. ಅಲ್ಲಿ A=1, B=0, C=1. ಮಿನ್‌ಟರ್ಮ್ ಎಂದರೆ ಅಂಡ್. ಅಂಡ್ 1 ಆಗಬೇಕಾದರೆ ಅದರೊಳಗಿನ ಎಲ್ಲವೂ 1 ಇರಬೇಕು. A ಈಗಾಗಲೇ 1, ಹಾಗೇ ಇರಲಿ. B ಇಲ್ಲಿ 0, ಅದನ್ನು 1 ಮಾಡಲು ಬಾರ್ ಬೇಕು. C ಹಾಗೇ ಇರಲಿ. ಬಂದದ್ದು AB'C. ಮ್ಯಾಕ್ಸ್‌ಟರ್ಮ್ ಎಂದರೆ ಆರ್. ಆರ್ 0 ಆಗಬೇಕಾದರೆ ಒಳಗಿನ ಎಲ್ಲವೂ 0 ಇರಬೇಕು. A ಇಲ್ಲಿ 1, ಅದಕ್ಕೆ ಬಾರ್. B ಈಗಾಗಲೇ 0. C ಗೆ ಬಾರ್. ಬಂದದ್ದು A'+B+C'. ಸಂಶಯ ಬಂದಾಗಲೆಲ್ಲ ಬರೆದ ಟರ್ಮ್‌ಗೆ ಅದೇ ಸಾಲಿನ ಬೆಲೆಗಳನ್ನು ಹಾಕಿ ನೋಡಿ. ಮ್ಯಾಕ್ಸ್‌ಟರ್ಮ್ 0+0+0 ಆಗದಿದ್ದರೆ ಬಾರ್ ತಪ್ಪು ಜಾಗದಲ್ಲಿ ಬಿದ್ದಿದೆ.

ಈಗ ನಿಮ್ಮ F. A=0 ಇದ್ದಾಗ ಔಟ್‌ಪುಟ್ C ಅನ್ನು ಹಿಂಬಾಲಿಸುತ್ತದೆ, A=1 ಇದ್ದಾಗ B ಅನ್ನು. ಅಂದರೆ ಇದು A ಸೆಲೆಕ್ಟ್ ಲೈನ್ ಆಗಿರುವ 2:1 ಮಲ್ಟಿಪ್ಲೆಕ್ಸರ್. ಟೇಬಲ್ ಹೀಗೆ ಬರುತ್ತದೆ:

```
ಸಾಲು   A B C   F
 0     0 0 0   0
 1     0 0 1   1
 2     0 1 0   0
 3     0 1 1   1
 4     1 0 0   0
 5     1 0 1   0
 6     1 1 0   1
 7     1 1 1   1
```

F=1 ಇರುವ ಸಾಲುಗಳು 1, 3, 6, 7. ಅವುಗಳ ಮಿನ್‌ಟರ್ಮ್‌ಗಳನ್ನು ಆರ್ ಮಾಡಿದರೆ ಸ್ಟ್ಯಾಂಡರ್ಡ್ ಎಸ್‌ಒಪಿ. F=0 ಇರುವ ಸಾಲುಗಳು 0, 2, 4, 5. ಅವುಗಳ ಮ್ಯಾಕ್ಸ್‌ಟರ್ಮ್‌ಗಳನ್ನು ಅಂಡ್ ಮಾಡಿದರೆ ಸ್ಟ್ಯಾಂಡರ್ಡ್ ಪಿಒಎಸ್.

```
F = Σm(1,3,6,7)
  = A'B'C + A'BC + ABC' + ABC

F = ΠM(0,2,4,5)
  = (A+B+C)(A+B'+C)(A'+B+C)(A'+B+C')
```

ಎರಡನೆಯದು ಯಾಕೆ ಸರಿ ಎಂದರೆ, ಪ್ರತಿ ಮ್ಯಾಕ್ಸ್‌ಟರ್ಮ್ ತನ್ನ ಸಾಲಿನಲ್ಲಿ ಮಾತ್ರ ಇಡೀ ಗುಣಲಬ್ಧವನ್ನು 0 ಮಾಡುತ್ತದೆ. 0, 2, 4, 5 ಬಿಟ್ಟು ಬೇರೆ ಸಾಲುಗಳಲ್ಲಿ ನಾಲ್ಕೂ ಟರ್ಮ್‌ಗಳು 1 ಇರುತ್ತವೆ, ಹಾಗಾಗಿ F ಕೂಡ 1. ಇಲ್ಲಿ ಗಮನಿಸಬೇಕಾದ್ದು, Σ ಮತ್ತು Π ಎರಡರ ಎಡಗಡೆಯೂ F ಇದೆ, F' ಅಲ್ಲ. Σ ಪಟ್ಟಿಯಲ್ಲಿ ಇಲ್ಲದ ನಂಬರುಗಳನ್ನು Π ಪಟ್ಟಿಗೆ ಹಾಕಿದರೆ ಪರಿವರ್ತನೆ ಅಲ್ಲಿಗೇ ಮುಗಿಯಿತು. ನಂಬರು ಬದಲಾಯಿಸಿದ ಮೇಲೆ "ಕಾಂಪ್ಲಿಮೆಂಟ್ ಮಾಡಬೇಕಲ್ಲ" ಎಂದುಕೊಂಡು ಮತ್ತೆ ಬಾರ್‌ಗಳನ್ನು ತಿರುಗಿಸಿದರೆ ಉತ್ತರ ಹಾಳಾಗುತ್ತದೆ. ಬೇಕಾದ ಕಾಂಪ್ಲಿಮೆಂಟ್ ಮ್ಯಾಕ್ಸ್‌ಟರ್ಮ್‌ನ ಒಳಗೇ ಇದೆ, ಏಕೆಂದರೆ M5 ಎಂದರೆ m5ರ ಕಾಂಪ್ಲಿಮೆಂಟ್.

ಟೇಬಲ್ ಕೊಡದೆ A'C + AB ಎಂದಷ್ಟೇ ಕೊಟ್ಟಿದ್ದರೆ ಮೊದಲು ಪ್ರತಿ ಟರ್ಮ್‌ನಲ್ಲಿ ಇಲ್ಲದ ವೇರಿಯೇಬಲ್ ಅನ್ನು ತುಂಬಿ. A'Cಯಲ್ಲಿ B ಇಲ್ಲ, ಅದನ್ನು (B+B') ಇಂದ ಗುಣಿಸಿದರೆ A'BC + A'B'C, ಅಂದರೆ 3 ಮತ್ತು 1. ABಯಲ್ಲಿ C ಇಲ್ಲ, ಅದು ABC + ABC' ಆಗಿ 7 ಮತ್ತು 6 ಕೊಡುತ್ತದೆ. ನಂಬರು ಹಾಕುವಾಗ A ಎಡತುದಿಯಲ್ಲಿ 4ರ ಸ್ಥಾನ, B 2ರ ಸ್ಥಾನ, C 1ರ ಸ್ಥಾನ. ಪ್ರಶ್ನೆಯಲ್ಲಿ F(C,B,A) ಎಂದಿದ್ದರೆ C ಗೆ 4ರ ಸ್ಥಾನ, ಆಗ ಇದೇ ಫಂಕ್ಷನ್ನಿನ ನಂಬರುಗಳು ಬೇರೆಯಾಗುತ್ತವೆ. ಮ್ಯಾಕ್ಸ್‌ಟರ್ಮ್‌ಗೂ ಅದೇ ಸಾಲಿನ ನಂಬರು. A+B+C ನೋಡಿ 111, ಅಂದರೆ M7 ಎಂದು ಬರೆಯುವವರು ಬಹಳ. ಅದು 0 ಆಗುವುದು 000 ಸಾಲಿನಲ್ಲಿ, ಆದ್ದರಿಂದ ಅದು M0.

ನಾಲ್ಕು ಮ್ಯಾಕ್ಸ್‌ಟರ್ಮ್‌ಗಳ ಸ್ಟ್ಯಾಂಡರ್ಡ್ ರೂಪ ಸರಿಯಾದದ್ದೇ, ಆದರೆ ಅದನ್ನು ಇನ್ನೂ ಚಿಕ್ಕದು ಮಾಡಬಹುದು. ಕೆ-ಮ್ಯಾಪ್‌ನಲ್ಲಿ ಸೊನ್ನೆಗಳನ್ನು ಗುಂಪು ಮಾಡಿ. 0 ಮತ್ತು 2 ಸೇರಿದರೆ B ಹೋಗುತ್ತದೆ, ಉಳಿಯುವುದು (A+C). 4 ಮತ್ತು 5 ಸೇರಿದರೆ C ಹೋಗುತ್ತದೆ, ಉಳಿಯುವುದು (A'+B). ಆದ್ದರಿಂದ

```
F = (A+C)(A'+B)
```

ಇದೇ ಉತ್ತರವನ್ನು ಟೇಬಲ್ ಮುಟ್ಟದೆ, ಹಂಚುವ ನಿಯಮ X+YZ = (X+Y)(X+Z) ಬಳಸಿಯೂ ತೆಗೆಯಬಹುದು.

```
A'C + AB = (A'C + A)(A'C + B)
         = (A'+A)(C+A)(A'+B)(C+B)
         = (A+C)(A'+B)(B+C)
```

ಇಲ್ಲಿ (B+C) ಹೆಚ್ಚುವರಿಯಾಗಿ ಬಂದಿದೆ. ಲೆಕ್ಕ ತಪ್ಪಿಲ್ಲ. (B+C) ಅನ್ನು ಬಿಡಿಸಿದರೆ (A+B+C)(A'+B+C), ಅಂದರೆ M0 ಮತ್ತು M4. ಇವೆರಡೂ ಮೊದಲಿನ ಎರಡು ಟರ್ಮ್‌ಗಳಲ್ಲಿ ಈಗಾಗಲೇ ಸೇರಿವೆ, ಹಾಗಾಗಿ ಬಿಟ್ಟರೂ ಏನೂ ವ್ಯತ್ಯಾಸವಿಲ್ಲ. ಬೀಜಗಣಿತದಲ್ಲಿ ಮಾಡಿದಾಗ ಇಂಥ ಹೆಚ್ಚುವರಿ ಟರ್ಮ್ ಉಳಿದುಬಿಡುವುದು ಸಾಮಾನ್ಯ, ಹಾಗಾಗಿ ಚಿಕ್ಕ ರೂಪ ಬೇಕಾದಾಗ ಕೆ-ಮ್ಯಾಪೇ ವಾಸಿ ಎನ್ನುತ್ತೇನೆ.

ಇನ್ನು ನಿಮ್ಮ (A'+C)(A+B). ಡಾಟ್ ಮತ್ತು ಪ್ಲಸ್ ಅಷ್ಟೇ ಅದಲುಬದಲು ಮಾಡಿದರೆ ಸಿಗುವುದು F ಅಲ್ಲ, Fನ ಡ್ಯುಯಲ್. ಡಿ ಮಾರ್ಗನ್ ನಿಯಮದಲ್ಲಿ ಚಿಹ್ನೆಯ ಜೊತೆ ಪ್ರತಿ ವೇರಿಯೇಬಲ್‌ನ ಬಾರ್ ಕೂಡ ತಿರುಗುತ್ತದೆ. ಹಾಗೆ ತಿರುಗಿಸಿದರೂ A'C + AB ಇಂದ ಬರುವುದು (A+C')(A'+B'), ಇದು F', ಇನ್ನೂ F ಅಲ್ಲ. ಡಿ ಮಾರ್ಗನ್ ದಾರಿಯಲ್ಲೇ ಹೋಗುವುದಾದರೆ Fನ ಸೊನ್ನೆಗಳಿಂದ ಶುರು ಮಾಡಿ. ಅವುಗಳ ಎಸ್‌ಒಪಿ F' = A'C' + AB'. ಇದನ್ನು ಕಾಂಪ್ಲಿಮೆಂಟ್ ಮಾಡಿದರೆ F = (A+C)(A'+B).

ನಿಮ್ಮ ಉತ್ತರಕ್ಕೆ ಟೇಬಲ್ ಬರೆದರೆ 1 ಬರುವುದು 2, 3, 5, 7ನೇ ಸಾಲುಗಳಲ್ಲಿ. F ಜೊತೆ ಹೋಲಿಸಿ: 0, 3, 4, 7 ಹೊಂದುತ್ತವೆ, 1, 2, 5, 6 ಹೊಂದುವುದಿಲ್ಲ. ಯಾಕೆ ಈ ನಾಲ್ಕೇ ಎನ್ನುವುದರಲ್ಲಿ ನಿಮ್ಮ AB + BC + CA ಪ್ರಶ್ನೆಗೂ ಉತ್ತರ ಇದೆ. ಸಾಲುಗಳನ್ನು ಎದುರುಬದುರು ಜೋಡಿ ಮಾಡಿ, ಅಂದರೆ ಎಲ್ಲ ಬಿಟ್‌ಗಳೂ ತಿರುಗಿದ ಸಾಲುಗಳನ್ನು: 0–7, 1–6, 2–5, 3–4. ಪ್ರತಿ ಜೋಡಿಯಲ್ಲೂ ಒಂದು 0 ಇನ್ನೊಂದು 1 ಇದ್ದರೆ ಆ ಫಂಕ್ಷನ್ ಮತ್ತು ಅದರ ಡ್ಯುಯಲ್ ಒಂದೇ. AB + BC + CA ಹಾಗಿದೆ. ಅದರ 1ಗಳು 3, 5, 6, 7, ಅವುಗಳ ಜೊತೆಗಾರರಾದ 4, 2, 1, 0 ಎಲ್ಲವೂ 0. ಅದಕ್ಕೇ (A+B)(B+C)(C+A) ಎಂದು ಬರೆದರೂ ಅದೇ ಫಂಕ್ಷನ್ ಸಿಕ್ಕಿತು. ನಿಮ್ಮ F ನಲ್ಲಿ 1–6 ಜೋಡಿ ಎರಡೂ 1, 2–5 ಜೋಡಿ ಎರಡೂ 0. ತಪ್ಪಿದ್ದು ಸರಿಯಾಗಿ ಅವೇ ನಾಲ್ಕು ಸಾಲುಗಳಲ್ಲಿ. ಫುಲ್ ಆ್ಯಡರ್‌ನ ಕ್ಯಾರಿ AB + BC + CA ಫಂಕ್ಷನ್ನೇ ಆಗಿರುವುದರಿಂದ ಪಾಠದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಸಮ್ ಕೂಡ ಇದೇ ಗುಣದ್ದು. ಆದ್ದರಿಂದ ಪಿಒಎಸ್ ಅಭ್ಯಾಸಕ್ಕೆ ಈ ಎರಡನ್ನು ಬಳಸಬೇಡಿ, ತಪ್ಪು ವಿಧಾನವೂ ಅಲ್ಲಿ ಸರಿ ಉತ್ತರ ಕೊಡುತ್ತದೆ.

ಡೋಂಟ್ ಕೇರ್ ಇದ್ದರೆ "ಪಟ್ಟಿಯಲ್ಲಿ ಇಲ್ಲದ ನಂಬರು" ಎನ್ನುವಾಗ ಒಂದು ಎಚ್ಚರ ಬೇಕು. ಬಿಸಿಡಿ ಇನ್‌ಪುಟ್‌ನಲ್ಲಿ 10ರಿಂದ 15ರವರೆಗಿನ ಸಾಲುಗಳು Σ ಪಟ್ಟಿಯಲ್ಲಿ ಇಲ್ಲವೆಂದು Π ಪಟ್ಟಿಗೆ ತುಂಬಬಾರದು. ಅವು ಎರಡೂ ರೂಪಗಳಲ್ಲಿ ಡೋಂಟ್ ಕೇರ್ ಆಗಿಯೇ ಉಳಿಯುತ್ತವೆ. 0 ಎಂದು ಟೇಬಲ್‌ನಲ್ಲಿ ನಿಜವಾಗಿ ಬರೆದಿರುವ ಸಾಲುಗಳು ಮಾತ್ರ ಮ್ಯಾಕ್ಸ್‌ಟರ್ಮ್.

ಲ್ಯಾಬ್‌ನಲ್ಲಿ ಎರಡನ್ನೂ ಕಟ್ಟಿ ನೋಡುವುದಾದರೆ ಈ F ಒಳ್ಳೆಯ ಆಯ್ಕೆ. A'C + AB ಗೆ ನಾಲ್ಕು ನ್ಯಾಂಡ್ ಗೇಟ್ ಸಾಕು: ಒಂದು A' ಮಾಡಲು, ಎರಡು ಟರ್ಮ್‌ಗಳಿಗೆ, ಒಂದು ಕೊನೆಗೆ. ಒಂದು 7400 ಐಸಿ ಪೂರ್ತಿ ಬಳಕೆಯಾಗುತ್ತದೆ. (A+C)(A'+B) ಗೆ ಅದೇ ಜೋಡಣೆಯಲ್ಲಿ ನಾಲ್ಕು ನಾರ್ ಗೇಟ್, ಒಂದು 7402. ಆದರೆ 7400 ತೆಗೆದು ಅದೇ ಜಾಗಕ್ಕೆ 7402 ಸಿಕ್ಕಿಸಬೇಡಿ. 7400ರಲ್ಲಿ ಮೊದಲ ಗೇಟಿನ ಇನ್‌ಪುಟ್ 1 ಮತ್ತು 2ನೇ ಪಿನ್, ಔಟ್‌ಪುಟ್ 3. 7402ರಲ್ಲಿ ಔಟ್‌ಪುಟ್ 1ನೇ ಪಿನ್, ಇನ್‌ಪುಟ್ 2 ಮತ್ತು 3. ಹಳೆಯ ವೈರ್ ಹಾಗೇ ಬಿಟ್ಟರೆ ಸ್ವಿಚ್ ನೇರ ಔಟ್‌ಪುಟ್ ಪಿನ್‌ಗೆ ಹೋಗಿ ಸೇರುತ್ತದೆ. ಆಗ ಟೇಬಲ್ ಹೊಂದದಿದ್ದರೆ ನಿಮ್ಮ ಸಮೀಕರಣದ ಮೇಲೆ ಅನುಮಾನ ಪಡುವ ಮೊದಲು ಪಿನ್ ನೋಡಿ. ವೈರಿಂಗ್ ಸರಿಯಿದ್ದರೆ ಎರಡೂ ಸರ್ಕ್ಯೂಟ್‌ಗಳಲ್ಲಿ ಎಲ್‌ಇಡಿ 1, 3, 6, 7ನೇ ಸಾಲುಗಳಲ್ಲೇ ಹತ್ತುತ್ತದೆ.